62.9 ಲಕ್ಷಕ್ಕೆ ತಾಳೆಯಾದ ತಪ್ಪು ಪಟ್ಟಿ

ದಾವಣಗೆರೆಯ ಒಂದು ಖಾಸಗಿ ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ವಿಭಾಗಗಳ ಮುಖ್ಯಸ್ಥರು ತಯಾರಿಸುವ ಬಜೆಟ್ ಪಿಪಿಟಿಗಳನ್ನು ಆಡಳಿತ ಮಂಡಳಿಯ ಹಿರಿಯರು ಪರದೆಯ ಮೇಲೆ ನೋಡುವುದಿಲ್ಲ. ಅವರಿಗೆ ಬಾಬುವಾರು ಖರ್ಚಿನ ಪಟ್ಟಿ ಒಂದೇ ಹಾಳೆಯಲ್ಲಿ ಬೇಕು, ಅದನ್ನು ಸಿದ್ಧಪಡಿಸುವ ಹೊಣೆ ನನ್ನದು. ಅರವತ್ತು ಆಸನಗಳ ಹೊಸ ಕಂಪ್ಯೂಟರ್ ಪ್ರಯೋಗಾಲಯದ ಪ್ರಸ್ತಾವನೆ ಬಂದಾಗ ನಾನು ಮಾಡಿದ ತಪ್ಪನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಲೆಕ್ಕ ತಾಳೆಯಾಗದೆ ಆದ ತಪ್ಪಲ್ಲ ಅದು, ತಾಳೆಯಾಗಿಯೇ ಆದ ತಪ್ಪು.

ಸಭೆ ಶನಿವಾರ, ಪಿಪಿಟಿ ನನ್ನ ಕೈಗೆ ಬಂದದ್ದು ಶುಕ್ರವಾರ ಮಧ್ಯಾಹ್ನ, ಅದೂ ಪಿಡಿಎಫ್ ರೂಪದಲ್ಲಿ. ಕೊನೆಯ ದಿನ ಕಳಿಸಿ ಸಂಜೆಯೊಳಗೆ ಪಟ್ಟಿ ಕೇಳುವುದು ನಮ್ಮಲ್ಲಿ ಹೊಸದೇನಲ್ಲ. ಸಾರಾಂಶದ ಸ್ಲೈಡಿನಲ್ಲಿ ಒಟ್ಟು ವೆಚ್ಚ ‘ರೂ. 62.9 ಲಕ್ಷ’ ಎಂದಷ್ಟೇ ಇತ್ತು. ಅದರ ಪಕ್ಕದಲ್ಲಿದ್ದ ವೃತ್ತಾಕಾರದ ಚಾರ್ಟನ್ನು ಅಲಂಕಾರವೆಂದು ಭಾವಿಸಿ ನಾನು ಮುಂದೆ ಹೋದೆ.

ಒಂದೊಂದೇ ಬಾಬನ್ನು ಎಕ್ಸೆಲ್‌ಗೆ ಇಳಿಸಿದೆ. ಕಂಪ್ಯೂಟರ್ 60, ತಲಾ 52,000 ರೂಪಾಯಿಯಂತೆ 31,20,000, ಶೇ. 18 ಜಿಎಸ್‌ಟಿ ಸೇರಿ 36,81,600. ಮೇಜು ಕುರ್ಚಿ 60 ಜೊತೆ, ತೆರಿಗೆ ಸೇರಿ 6,01,800. ಎರಡು 10 ಕೆವಿಎ ಯುಪಿಎಸ್, ಅವುಗಳ ಪ್ಯಾನೆಲ್ ಮತ್ತು ಐಸೋಲೇಷನ್ ಟ್ರಾನ್ಸ್‌ಫಾರ್ಮರ್, ತೆರಿಗೆ ಸೇರಿ 4,95,600. ಮೂರು ವರ್ಷದ ಎಎಂಸಿ, ತೆರಿಗೆ ಸೇರಿ 6,37,200. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ನಾವು ಕಟ್ಟುವ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಹೀಗಾಗಿ ತೆರಿಗೆಯೆಲ್ಲವೂ ನಮಗೆ ಖರ್ಚೇ. ಉಳಿದದ್ದು ವೈರಿಂಗ್ ಮತ್ತು ನೆಟ್‌ವರ್ಕಿಂಗ್, 7,40,000. ಬೇರೆಲ್ಲ ಸ್ಲೈಡುಗಳಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆದಿದ್ದರೆ ಇದರಲ್ಲಿ ಏನೂ ಇರಲಿಲ್ಲ. ಗುತ್ತಿಗೆದಾರರ ಕೊಟೇಶನ್ನಿನ ಮಸುಕಾದ ಫೋಟೊ ಒಂದನ್ನು ಮಾತ್ರ ಅಂಟಿಸಿದ್ದರು. ಇದ್ದ ಮೊತ್ತವನ್ನು ಇದ್ದಂತೆಯೇ ಹಾಕಿದೆ.

ಒಟ್ಟು 61,56,200 ಬಂತು. ಸ್ಲೈಡಿನ ಮೊತ್ತಕ್ಕೆ ಸುಮಾರು 1.3 ಲಕ್ಷ ಕಡಿಮೆ. ಸಂಜೆ ಆರೂವರೆಯಾಗಿತ್ತು. ವೈರಿಂಗಿನ 7,40,000ಕ್ಕೆ ಶೇ. 18 ಲೆಕ್ಕ ಹಾಕಿದರೆ 1,33,200. ಎಲ್ಲ ಬಾಬುಗಳಿಗೂ ತೆರಿಗೆ ಪ್ರತ್ಯೇಕವಿರುವಾಗ ಇದಕ್ಕೂ ಹಾಗೆಯೇ ಇರಬೇಕು, ಬರೆಯಲು ಮರೆತಿದ್ದಾರೆ ಎಂದು ನನಗೆ ನಾನೇ ವಾದ ಹೂಡಿ ಅದನ್ನು ಸೇರಿಸಿದೆ. ಮೊತ್ತ 62,89,400 ಆಯಿತು, ಎಂದರೆ 62.9 ಲಕ್ಷ. ಆ ಕ್ಷಣದಲ್ಲಿ ನನಗಾದ ಸಮಾಧಾನವೇ ನನ್ನನ್ನು ಕೆಡಿಸಿತು. ಕೊಟೇಶನ್ನಿನ ಫೋಟೊವನ್ನು ಹಿಗ್ಗಿಸಿ ನೋಡದೆ, ಮುಖ್ಯಸ್ಥರಿಗೆ ಒಂದು ಫೋನೂ ಮಾಡದೆ, ಹಾಳೆಯ ಅಡಿಯಲ್ಲಿ ‘ಸ್ಲೈಡಿನೊಂದಿಗೆ ತಾಳೆ ನೋಡಲಾಗಿದೆ’ ಎಂದು ಬರೆದು ಸಹಿ ಹಾಕಿದೆ.

ಸಭೆಯಲ್ಲಿ ನಮ್ಮ ಖಜಾಂಚಿಯವರು, ಮೆಕ್ಕೆಜೋಳದ ವ್ಯಾಪಾರದಲ್ಲಿ ತಲೆ ಹಣ್ಣಾದ ಹಿರಿಯರು, ಪೆನ್ಸಿಲ್ ಹಿಡಿದು ಪಟ್ಟಿಯ ಮೇಲೆ ನಿಧಾನವಾಗಿ ಇಳಿದು ಬಂದರು. ಒಟ್ಟು ಮೊತ್ತದ ಕಡೆ ಅವರು ಕಣ್ಣು ಹಾಯಿಸಲೇ ಇಲ್ಲ. ಯುಪಿಎಸ್ ಸಾಲಿನಲ್ಲಿ ಪೆನ್ಸಿಲ್ ನಿಂತಿತು.

“ಯುಪಿಎಸ್ ಐತಿ, ಬ್ಯಾಟರಿ ಎಲ್ಲೈತಪ್ಪಾ?”

“ಅದರಲ್ಲೇ ಸೇರಿರಬೇಕು ಸರ್” ಎಂದೆ.

“ಇರಬೇಕೋ, ಐತೋ?”

ಮುಖ್ಯಸ್ಥರು ತಮ್ಮ ಲ್ಯಾಪ್‌ಟಾಪಿನಲ್ಲಿ ಮೂಲ ಕಡತ ತೆರೆದು ಹುಡುಕಲು ತೆಗೆದುಕೊಂಡ ಮೂರು ನಾಲ್ಕು ನಿಮಿಷಗಳಲ್ಲಿ ಯಾರೂ ಮಾತನಾಡಲಿಲ್ಲ. ಕಾರ್ಯದರ್ಶಿಗಳು ನನ್ನ ಸಹಿ ಇದ್ದ ಸಾಲನ್ನು ಎರಡು ಬಾರಿ ಓದಿದ್ದನ್ನು ನಾನು ಕಂಡೆ. ಕೊನೆಗೆ ಸಿಕ್ಕಿದ್ದು ಮರೆಮಾಡಿದ್ದ 16ನೆಯ ಸ್ಲೈಡು: 40 ಬ್ಯಾಟರಿ, ತಲಾ 2,750 ರೂಪಾಯಿಯಂತೆ 1,10,000, ಅದರ ಮೇಲೆ ಶೇ. 28 ತೆರಿಗೆ. ಯುಪಿಎಸ್‌ಗೆ ಬಳಸುವ ಸೀಸದ ಬ್ಯಾಟರಿಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿತ್ತು. ಹಳೆಯ ದರವಿದ್ದ ಸ್ಲೈಡನ್ನು ಆಮೇಲೆ ತಿದ್ದೋಣವೆಂದು ಮರೆಮಾಡಿದ್ದ ಮುಖ್ಯಸ್ಥರು, ಸಾರಾಂಶದಲ್ಲಿ ಹೊಸ ದರದ 1,29,800 ಸೇರಿಸಿ, ಸ್ಲೈಡನ್ನು ತೆರೆಯಲು ಮರೆತಿದ್ದರು. ವೈರಿಂಗ್ ಕೊಟೇಶನ್ನಿನ ಫೋಟೊದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಎಲ್ಲ ತೆರಿಗೆ ಸೇರಿ’ ಎಂದೇ ಇತ್ತು.

ನಿಜವಾದ ಮೊತ್ತ 62,86,000. ಅದೂ 62.9 ಲಕ್ಷವೇ. ಒಂದು ದಶಾಂಶಕ್ಕೆ ಇಳಿಸಿದ 62.9 ಎಂಬ ಅಂಕಿಯಡಿಯಲ್ಲಿ 62,85,000ದಿಂದ 62,95,000ದ ಒಳಗಿನ ಯಾವ ಮೊತ್ತ ಬೇಕಾದರೂ ಅಡಗಬಹುದು. ಒಟ್ಟಿನಲ್ಲಿ ವ್ಯತ್ಯಾಸ 3,400 ಮಾತ್ರ, ಆದರೆ ನಮ್ಮಲ್ಲಿ ಮಂಜೂರಾತಿ ಸಿಗುವುದು ಹೆಡ್‌ವಾರು. ನನ್ನ ಪಟ್ಟಿ ಹಾಗೆಯೇ ಪಾಸಾಗಿದ್ದರೆ ವೈರಿಂಗಿಗೆ 1,33,200 ಹೆಚ್ಚು ಮಂಜೂರಾಗಿ, ಬ್ಯಾಟರಿಗೆ ಒಂದು ಪೈಸೆಯೂ ಇಲ್ಲದಂತಾಗುತ್ತಿತ್ತು. ಆ ದಿನ ಎರಡೂ ಹೆಡ್‌ಗಳನ್ನು ಮುಂದಿನ ಸಭೆಗೆ ತಳ್ಳಿದರು, ಪ್ರಯೋಗಾಲಯದ ಕೆಲಸವೂ ಅಷ್ಟು ದಿನ ನಿಂತಿತು.

ಮನೆಗೆ ಹೋಗಿ ಪಿಡಿಎಫ್ ಅನ್ನು ಮತ್ತೆ ನೋಡಿದಾಗ ನನಗೆ ಹೆಚ್ಚು ನೋವಾಯಿತು, ಏಕೆಂದರೆ ಸುಳಿವುಗಳೆಲ್ಲ ಅದರಲ್ಲೇ ಇದ್ದವು. ಮರೆಮಾಡಿದ ಸ್ಲೈಡನ್ನು ಬಿಟ್ಟು ಪಿಡಿಎಫ್ ಮಾಡಿದರೂ ಪುಟದ ಮೂಲೆಯ ಸ್ಲೈಡ್ ಸಂಖ್ಯೆ ಬದಲಾಗುವುದಿಲ್ಲ. 15ರ ನಂತರ ನೇರವಾಗಿ 17 ಇತ್ತು, ಪುಟಗಳು 21 ಇದ್ದರೆ ಕೊನೆಯ ಸಂಖ್ಯೆ 22 ಆಗಿತ್ತು. ಅಲಂಕಾರವೆಂದು ನಾನು ಬಿಟ್ಟಿದ್ದ ಚಾರ್ಟಿನಲ್ಲಿ ವೈರಿಂಗಿಗೆ ಶೇ. 12, ಯುಪಿಎಸ್‌ಗೆ ಶೇ. 10 ಎಂದಿತ್ತು. ನನ್ನ ಪಟ್ಟಿಯಿಂದ ಅದೇ ಪಾಲುಗಳನ್ನು ತೆಗೆದರೆ 14 ಮತ್ತು 8 ಬರುತ್ತಿದ್ದವು. ಎರಡು ಭಾಗಾಕಾರ ಮಾಡಿದ್ದರೆ ಒಂದು ಹೆಡ್ ಉಬ್ಬಿದೆ, ಇನ್ನೊಂದು ಕುಗ್ಗಿದೆ ಎಂಬುದು ಶುಕ್ರವಾರವೇ ತಿಳಿಯುತ್ತಿತ್ತು. ಚಾರ್ಟಿನ ಪಾಲುಗಳನ್ನೆಲ್ಲ ಕೂಡಿದರೆ 101 ಬರುತ್ತಿತ್ತು ಎಂಬುದು ಬೇರೆ ಮಾತು. ಅದು ಪೂರ್ಣಾಂಕಕ್ಕೆ ಇಳಿಸಿದ್ದರಿಂದ ಆದದ್ದೇ ಹೊರತು ದೋಷವಲ್ಲ.

ಈಗ ನನ್ನ ಹಾಳೆಯ ಮೊದಲ ಅಂಕಣ ಸ್ಲೈಡ್ ಸಂಖ್ಯೆ. ಪ್ರತಿ ಬಾಬಿನ ಎದುರು ಅದು ಬಂದ ಸ್ಲೈಡು, ಮೂಲ ಬೆಲೆ, ತೆರಿಗೆಯ ದರ, ಆ ದರ ಎಲ್ಲಿ ಬರೆದಿದೆ ಎಂಬುದು ಬೇರೆ ಬೇರೆ ಅಂಕಣಗಳಲ್ಲಿ ಇರುತ್ತವೆ. ಎಲ್ಲೂ ಬರೆದಿಲ್ಲದಿದ್ದರೆ ಆ ಕೋಶ ಹಳದಿಯಾಗಿಯೇ ಉಳಿಯುತ್ತದೆ, ಸಭೆಗೂ ಹಾಗೆಯೇ ಹೋಗುತ್ತದೆ. ಕೆಳಗಿನ ಒಟ್ಟು ಮೊತ್ತಕ್ಕೂ ಮೊದಲು ಸ್ಲೈಡುವಾರು ಉಪಮೊತ್ತವನ್ನು ತೆಗೆಯುತ್ತೇನೆ:

```
=SUMIF(A:A,15,H:H)
```

ಅದು 15ನೆಯ ಸ್ಲೈಡಿನ ಮೊತ್ತಕ್ಕೆ ರೂಪಾಯಿಯವರೆಗೂ ಹೊಂದಬೇಕು. ಹೊಂದದಿದ್ದರೆ ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಒಂದು ಸಾಲಿನಲ್ಲಿ ತೋರಿಸುತ್ತೇನೆ; ಅದಕ್ಕೆ ಹೊಂದುವ ಕಾರಣವನ್ನು ನಾನೇ ಹುಡುಕಿ ತುಂಬುವುದಿಲ್ಲ. ಲಕ್ಷದಲ್ಲಿ ಬರೆದ ಮೊತ್ತವನ್ನು ಪೂರ್ಣ ರೂಪಾಯಿಯಲ್ಲಿ ಕೊಡಿ ಎಂದು ಮುಖ್ಯಸ್ಥರನ್ನು ಕೇಳುತ್ತೇನೆ. ಅವರಿಗೆ ಇದು ಕಿರಿಕಿರಿ ಎಂಬುದು ನನಗೆ ಗೊತ್ತಿದೆ.

ಕಳೆದ ತಿಂಗಳು ಅವರೇ ಕಳಿಸಿದ ಇನ್ನೊಂದು ಪಿಡಿಎಫ್‌ನಲ್ಲಿ 11ರ ನಂತರ 13 ಬಂತು. ಫೋನ್ ಮಾಡಿದೆ. ಮರೆಮಾಡಿದ್ದು ಹಿಂದಿನ ವರ್ಷದ ವಾರ್ಷಿಕೋತ್ಸವದ ಒಂದು ಚಿತ್ರವಂತೆ, ಖರ್ಚಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಆದರೂ ಕಳಿಸಿ ಸರ್, ನೋಡಿಯೇ ಸಹಿ ಹಾಕುತ್ತೇನೆ ಎಂದೆ. ಕಳಿಸಿದರು. ಚಿತ್ರವೇ ಆಗಿತ್ತು.