ಚುಕ್ಕಿಯ ಹಗ್ಗ, ಚುಕ್ಕಿಯ ಹಲ್ಲು: ಹದಿನಾರು ವಾರಗಳ ಟಿಪ್ಪಣಿ

ಜೂನ್ 8

ಮೈಸೂರಿನ ನಮ್ಮ ಬೀದಿಯ ಕೊನೆಯಲ್ಲಿ, ಮರಳಿನ ರಾಶಿಯ ಪಕ್ಕ ಹುಟ್ಟಿದ್ದ ನಾಲ್ಕು ನಾಯಿಮರಿಗಳಲ್ಲಿ ಒಂದು ಇಂದು ನಮ್ಮ ಮನೆಗೆ ಬಂದಿದೆ. ಕಂದು ಮೈ, ಹಣೆಯ ಮೇಲೆ ಬಿಳಿಯ ಬೊಟ್ಟು. ಹಾಗಾಗಿ ಹೆಸರು ಚುಕ್ಕಿ. ಪಶುವೈದ್ಯರು ಹಲ್ಲು ನೋಡಿ ಸುಮಾರು ಹತ್ತು ವಾರ ಎಂದರು. ಲಸಿಕೆಯ ಸರಣಿ ಹದಿನಾರನೆಯ ವಾರದವರೆಗೆ ನಡೆಯಬೇಕು. ಅಲ್ಲಿಯವರೆಗೆ ಬೀದಿಯ ನೆಲದ ಮೇಲೆ ಬಿಡಬೇಡಿ ಎಂದೂ ಹೇಳಿದರು. ಪಾರ್ವೊ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳಿಗೆ ಅದು ಪ್ರಾಣಾಂತಿಕ. ಹೊರಗಿನ ನಡಿಗೆ ಆಗಸ್ಟಿಗೆ. ಆದರೆ ಹಗ್ಗದ ಪಾಠವನ್ನು ಒಳಗೇ ಶುರು ಮಾಡಬಹುದು. ಸಂಜೆ ಅವಳನ್ನು ಎತ್ತಿಕೊಂಡು ಗೇಟಿನ ಬಳಿ ನಿಲ್ಲುತ್ತೇನೆ. ಆಟೋ, ಹಾಲಿನವರ ಸೈಕಲ್, ಶಾಲೆಯಿಂದ ಬರುವ ಮಕ್ಕಳು, ಎಲ್ಲವನ್ನೂ ತೋಳಿನ ಮೇಲಿಂದಲೇ ನೋಡಲಿ.

ಜೂನ್ 15

ಕೊರಳಪಟ್ಟಿ ಹಾಕಿದೆ. ಪಟ್ಟಿ ಮತ್ತು ಕತ್ತಿನ ನಡುವೆ ಎರಡು ಬೆರಳು ಆರಾಮವಾಗಿ ತೂರಬೇಕು. ಮರಿ ವಾರವಾರಕ್ಕೂ ಬೆಳೆಯುವುದರಿಂದ ಪ್ರತಿ ಭಾನುವಾರ ತೂರಿಸಿ ನೋಡುತ್ತಿದ್ದೇನೆ. ಮೊದಲ ದಿನ ಹಿಂಗಾಲಿನಿಂದ ಕೆರೆದುಕೊಂಡಳು, ಮೂರನೆಯ ದಿನ ಮರೆತೇಬಿಟ್ಟಳು. ಈಗ ಅದಕ್ಕೆ ಹಗುರವಾದ ಹತ್ತಿಯ ಹುರಿ ಕಟ್ಟಿ, ನಾನು ಎದುರಿಗಿರುವಾಗ ಮಾತ್ರ, ನಡುಮನೆಯಲ್ಲಿ ಎಳೆದುಕೊಂಡು ಓಡಾಡಲು ಬಿಡುತ್ತೇನೆ. ಒಂಟಿಯಾಗಿ ಬಿಟ್ಟರೆ ಅದು ಎಲ್ಲಾದರೂ ಸಿಕ್ಕಿಕೊಂಡು ಉರುಳಾದೀತು.

ಬೇಯಿಸಿದ ಕೋಳಿಯ ಎದೆಮಾಂಸವನ್ನು ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಅವಳು ನನ್ನ ಎಡಮೊಣಕಾಲಿನ ಪಕ್ಕಕ್ಕೆ ತಾನಾಗಿ ಬಂದಾಗಲೆಲ್ಲ ಒಂದು ಚೂರು. ಕೊಡುವ ಜಾಗವನ್ನು ಬದಲಿಸುವುದೇ ಇಲ್ಲ. ಮುಂದೆ ಕೈಚಾಚಿ ಕೊಟ್ಟರೆ ಮುಂದಕ್ಕೆ ಜಿಗಿಯುವುದನ್ನು ಕಲಿಯುತ್ತಾಳೆ.

ಜೂನ್ 21

ಅಜ್ಜಿಯ ಬೆತ್ತದ ಕುರ್ಚಿಯ ಮುಂಗಾಲು ಹೋಯಿತು. ಸುತ್ತಿದ್ದ ಬೆತ್ತವೆಲ್ಲ ನೂಲಾಗಿ ಬಿಚ್ಚಿಕೊಂಡಿದೆ, ಒಳಗಿನ ಮರದ ಮೇಲೆ ಹಲ್ಲಿನ ಗುರುತು. ಅಜ್ಜಿ ಇಪ್ಪತ್ತು ವರ್ಷ ಆ ಕುರ್ಚಿಯಲ್ಲೇ ಕುಳಿತು ಹೂ ಕಟ್ಟಿದವರು. ನನಗೆ ನಿಜಕ್ಕೂ ಅಳು ಬಂತು.

ಮೆಣಸಿನಪುಡಿ ಬಳಿಯಿರಿ ಎಂದು ಎದುರುಮನೆಯವರು ಸಲಹೆ ಕೊಟ್ಟರು. ಅದು ಮರಿಯ ಕಣ್ಣಿಗೂ ಮೂಗಿಗೂ ಹೋಗುತ್ತದೆ, ನಾನು ಒಪ್ಪಲಿಲ್ಲ. ಹಾಗಲಕಾಯಿಯ ರಸವನ್ನು ಹಚ್ಚಿದೆ. ಅರ್ಧ ಗಂಟೆ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಪಕ್ಕದ ಕುರ್ಚಿಗೆ ಹೋದಳು. ರಸ ಒಣಗಿದ ಮೇಲೆ ಮತ್ತೆ ಮೊದಲಿನದಕ್ಕೇ ಬಂದಳು. ಕಹಿ ಒಂದು ಜಾಗವನ್ನು ಕೆಲಹೊತ್ತು ಕಾಯುತ್ತದೆ, ಅಷ್ಟೇ. ಕಚ್ಚಬೇಕೆಂಬ ಒತ್ತಡ ಹಾಗೆಯೇ ಉಳಿದು ಬೇರೆ ಮರವನ್ನು ಹುಡುಕುತ್ತದೆ.

ಇಂದಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ: ಎಷ್ಟು ಹೊತ್ತಿಗೆ, ಏನನ್ನು ಕಚ್ಚಿದಳು, ಅದಕ್ಕೆ ಮೊದಲು ಏನು ಮಾಡುತ್ತಿದ್ದಳು.

ಜೂನ್ 29

ಎಂಟು ದಿನ, ಇಪ್ಪತ್ತಮೂರು ಬಾರಿ. ಅವುಗಳಲ್ಲಿ ಹದಿನೈದು ಸಂಜೆ ಆರೂವರೆಯಿಂದ ಎಂಟೂವರೆಯ ಒಳಗೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಟ್ಟು ಮೂರೇ. ಇದು ಬರೀ ಹಲ್ಲಿನ ನವೆಯಾಗಿದ್ದರೆ ದಿನವಿಡೀ ಹರಡಿಕೊಂಡಿರಬೇಕಿತ್ತು.

‘ಮೊದಲು ಏನು ಮಾಡುತ್ತಿದ್ದಳು’ ಎಂಬ ಸಾಲನ್ನು ಮತ್ತೆ ಓದಿದಾಗ ಉತ್ತರ ಸಿಕ್ಕಿತು. ನಾಲ್ಕು ಗಂಟೆಗೆ ಅಕ್ಕನ ಮಕ್ಕಳು ಶಾಲೆಯಿಂದ ಬರುತ್ತಾರೆ. ಅಲ್ಲಿಂದ ರಾತ್ರಿಯವರೆಗೆ ಚುಕ್ಕಿಗೆ ನಿದ್ದೆಯೇ ಇಲ್ಲ. ಈ ವಯಸ್ಸಿನ ಮರಿ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ಮಲಗಬೇಕು. ನಿದ್ದೆಗೆಟ್ಟ ಮರಿ ಮಂಕಾಗುವುದಿಲ್ಲ. ಇನ್ನೂ ಹೆಚ್ಚು ಓಡುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ನಾವು ಅದನ್ನು ಚುರುಕುತನ ಎಂದುಕೊಂಡು ಇನ್ನಷ್ಟು ಆಡಿಸುತ್ತಿದ್ದೆವು.

ನಾಳೆಯಿಂದ ಐದೂವರೆಗೆ ಅವಳನ್ನು ಒಳಕೋಣೆಯಲ್ಲಿ, ಹಳೆಯ ಮಂಚದ ಹಲಗೆಯಿಂದ ಅಡ್ಡಗಟ್ಟಿದ ಮೂಲೆಯಲ್ಲಿ ಮಲಗಿಸುವುದು. ದೀಪ ಆರಿಸಿ, ಕಿಟಕಿಗೆ ಪರದೆ. ಮಕ್ಕಳಿಗೂ ಹೇಳಿದ್ದೇನೆ.

ಜುಲೈ 9

ಮೊದಲ ಎರಡು ಸಂಜೆ ಹತ್ತು ನಿಮಿಷ ಕುಂಯ್ಗುಟ್ಟಿ ಆಮೇಲೆ ಮಲಗಿದಳು. ನಾನು ಹಲಗೆಯ ಪಕ್ಕದಲ್ಲೇ ಕುಳಿತಿದ್ದೆ. ಈಗ ಐದೂವರೆಯಾದರೆ ತಾನೇ ಒಳಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಕಳೆದ ಎಂಟು ದಿನಗಳ ಲೆಕ್ಕ ಒಂಬತ್ತು.

ಉಳಿದ ಒಂಬತ್ತಕ್ಕೆ ಬೇರೆ ಉಪಾಯ ಬೇಕು. ಬಾಯಿಗೆ ಕೆಲಸ ಕೊಡಲೇಬೇಕು. ಒದ್ದೆ ಬಟ್ಟೆಯನ್ನು ಹಗ್ಗದಂತೆ ಹೊಸೆದು ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡುತ್ತೇನೆ. ಎಳೆ ಬಿಚ್ಚತೊಡಗಿದರೆ ಕಿತ್ತುಕೊಳ್ಳುತ್ತೇನೆ. ಇಡೀ ಕ್ಯಾರೆಟ್ ಕೂಡ ಹಾಗೆಯೇ. ಬಿಲ್ಲೆಯಾಗಿ ಹೆಚ್ಚಿದರೆ ಗಂಟಲಿಗೆ ಸಿಕ್ಕಬಹುದು. ಆಟಿಕೆಗೆ ನನ್ನ ಪರೀಕ್ಷೆ ಒಂದೇ: ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪ ತಗ್ಗಬೇಕು. ತಗ್ಗದಷ್ಟು ಗಟ್ಟಿಯಾದದ್ದು ಹಲ್ಲನ್ನು ಮುರಿಯುತ್ತದೆ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ತೆಂಗಿನ ಚಿಪ್ಪನ್ನು ಈ ಕಾರಣಕ್ಕೇ ಎತ್ತಿಟ್ಟೆ. ಬೇಯಿಸಿದ ಮೂಳೆ ಅಡುಗೆಮನೆಯ ಬಾಗಿಲು ದಾಟುವಂತಿಲ್ಲ. ಅದು ಚೂಪಾಗಿ ಸೀಳುತ್ತದೆ. ಮೊಬೈಲ್ ಚಾರ್ಜರುಗಳೆಲ್ಲ ಅಟ್ಟದ ಗೂಡು ಸೇರಿವೆ.

ಚಪ್ಪಲಿ ಕಚ್ಚಿಕೊಂಡು ಓಡಿದಾಗ ಯಾರೂ ಅಟ್ಟಿಸಿಕೊಂಡು ಹೋಗಬಾರದು ಎಂದು ಮನೆಯಲ್ಲಿ ಮಾತಾಗಿದೆ. ಅಟ್ಟಿಸಿದರೆ ಅದು ಆಟವಾಗುತ್ತದೆ. ನೆಲದ ಮೇಲೆ ಎರಡು ಚೂರು ಕೋಳಿ ಇಟ್ಟು ‘ಬಿಡು’ ಎನ್ನುವುದು. ಅವಳು ತಿನ್ನುವಾಗ ಚಪ್ಪಲಿಯನ್ನು ಎತ್ತಿಕೊಂಡು, ಗಂಟು ಹಾಕಿದ ಬಟ್ಟೆಯನ್ನು ಕೊಡುವುದು.

ಜುಲೈ 24

ಗುಡಿಸುವಾಗ ಅಕ್ಕಿಕಾಳಿನಂಥ ಹಲ್ಲು ಸಿಕ್ಕಿತು. ಮುಂದಿನ ಬಾಚಿಹಲ್ಲು. ಇಪ್ಪತ್ತೆಂಟು ಹಾಲುಹಲ್ಲು ಬಿದ್ದು ನಲವತ್ತೆರಡು ಹೊಸವು ಬರಬೇಕು. ಕೊನೆಯ ದವಡೆಹಲ್ಲು ಬರುವ ಹೊತ್ತಿಗೆ ಆರೇಳು ತಿಂಗಳಾಗುತ್ತದೆ. ಲಸಿಕೆಯ ಕೊನೆಯ ಚುಚ್ಚುಮದ್ದು ಆಗಿದೆ. ಇನ್ನು ಎರಡು ವಾರ ಕಾಯಬೇಕು.

ಆಗಸ್ಟ್ 7

ಮೊದಲ ನಡಿಗೆ. ಎದೆಯ ಮೇಲೆ ಪಟ್ಟಿ ಬರುವ ಹಾರ್ನೆಸ್ ತಂದಿದ್ದೇನೆ, ಎದೆಯ ಮುಂದೊಂದು, ಬೆನ್ನ ಮೇಲೊಂದು ಬಳೆ ಇರುವಂಥದ್ದು. ಎಳೆಯುವ ಮರಿಗೆ ಕೊರಳಪಟ್ಟಿಗೇ ಹಗ್ಗ ಕಟ್ಟಿದರೆ ಶ್ವಾಸನಾಳದ ಮೇಲೆ ಒತ್ತಡ ಬೀಳುತ್ತದೆ. ಹಗ್ಗ ಆರು ಅಡಿ, ಚಪ್ಪಟೆಯದು.

ಗುರಿ: ಗೇಟಿನಿಂದ ಹೊಂಗೆಮರದವರೆಗೆ, ಅರವತ್ತು ಹೆಜ್ಜೆ. ನಿಯಮ: ಹಗ್ಗ ಬಿಗಿಯಾದ ಕ್ಷಣ ನಾನು ನಿಲ್ಲುತ್ತೇನೆ. ಹಿಂದಕ್ಕೆ ಎಳೆಯುವುದಿಲ್ಲ, ನಾನು ಎಳೆದರೆ ಅವಳು ಅದಕ್ಕೆ ಎದುರಾಗಿ ಇನ್ನೂ ಬಲವಾಗಿ ಎಳೆಯುತ್ತಾಳೆ. ಅವಳು ತಿರುಗಿ ನೋಡಿ ಅಥವಾ ಒಂದು ಹೆಜ್ಜೆ ಹಿಂದೆ ಬಂದು ಹಗ್ಗ ಜೋಲುಬಿದ್ದಾಗ ‘ಹೂಂ’ ಎಂದು ಮೊಣಕಾಲಿನ ಪಕ್ಕ ಚೂರು ಕೊಟ್ಟು ಮುಂದುವರಿಯುತ್ತೇನೆ. ಎಳೆಯದೇ ನಡೆಯುವಾಗಲೂ ಎರಡು ಹೆಜ್ಜೆಗೊಂದು ಚೂರು. ಅವಳಿಗೆ ನಿಜವಾಗಿ ಬೇಕಿರುವುದು ಮುಂದೆ ಹೋಗುವುದು. ಬಿಗಿದ ಹಗ್ಗದಿಂದ ಅದು ಸಿಗಬಾರದು, ಸಡಿಲವಾದ ಹಗ್ಗದಿಂದ ಸಿಗಬೇಕು.

ಇಪ್ಪತ್ತೆರಡು ನಿಮಿಷದಲ್ಲಿ ಮೂವತ್ತೊಂದು ಬಾರಿ ನಿಂತೆವು. ಮರ ಮುಟ್ಟಲಿಲ್ಲ. ನಡುವೆ ಹಗ್ಗವನ್ನೇ ಕಚ್ಚಿ ಜಗ್ಗಿದಳು. ನಾನು ಬಿಡಿಸಿಕೊಳ್ಳಲು ಜಗ್ಗಿದ್ದರೆ ಅದೂ ಆಟವಾಗುತ್ತಿತ್ತು. ಹಗ್ಗವನ್ನು ಸಡಿಲ ಬಿಟ್ಟು ಹುಲ್ಲಿನ ಮೇಲೆ ನಾಲ್ಕೈದು ಚೂರು ಚೆಲ್ಲಿದೆ. ಮೂಗು ಕೆಳಗೆ ಹೋಯಿತು, ಬಾಯಿ ಬಿಟ್ಟಿತು.

ಆಗಸ್ಟ್ 16

ಹನ್ನೆರಡು ನಿಲುಗಡೆ. ಮರ ಮುಟ್ಟಿ ಹಿಂದಿರುಗಿದೆವು. ಮಳೆಯ ದಿನಗಳಲ್ಲಿ ಪಡಸಾಲೆಯಲ್ಲೇ ಅಭ್ಯಾಸ.

ಆಗಸ್ಟ್ 25

ಇಪ್ಪತ್ತೇಳು. ಮೂರು ದಿನಗಳಿಂದ ಏರುತ್ತಲೇ ಇದೆ. ತಿನಿಸು ಅದೇ, ದಾರಿ ಅದೇ, ಹೊತ್ತು ಅದೇ.

ಇಂದು ಬೆಳಗ್ಗೆ ಬೇಗ ಎದ್ದಾಗ ಕಾರಣ ಕಣ್ಣಿಗೆ ಬಿತ್ತು. ಅಪ್ಪ ಅವಳನ್ನು ಆರು ಗಂಟೆಗೆ ದೇವಸ್ಥಾನದ ಬೀದಿಗೆ ಕರೆದೊಯ್ಯುತ್ತಾರೆ. ಅವಳು ಎಳೆದತ್ತ ಅವರು ನಡೆಯುತ್ತಾರೆ. ಸಂಜೆ ನಾನು ನಿಂತರೂ, ಬೆಳಗ್ಗೆ ಎಳೆದರೆ ದಾರಿ ಸಿಗುತ್ತದೆ. ಹಾಗಾಗಿ ಸಂಜೆಯೂ ಎಳೆದು ನೋಡುತ್ತಾಳೆ. ಕೆಲವು ಸಲವಷ್ಟೇ ಫಲ ಸಿಗುವ ಅಭ್ಯಾಸ ಪ್ರತಿ ಸಲವೂ ಸಿಗುವುದಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ.

“ಅಪ್ಪ, ಹಗ್ಗ ಬಿಗಿಯಾದಾಗ ಒಂದು ಕ್ಷಣ ನಿಂತುಬಿಡಿ” ಎಂದೆ.

“ಹೆಜ್ಜೆಗೊಮ್ಮೆ ನಿಂತರೆ ನನ್ನ ವಾಕಿಂಗ್ ಏನಾಗಬೇಕಮ್ಮ? ಡಾಕ್ಟರು ನಲವತ್ತು ನಿಮಿಷ ನಡೆಯಿರಿ ಎಂದಿದ್ದಾರೆ” ಎಂದರು ಅಪ್ಪ.

ಅವರ ಮಾತೂ ಸರಿಯೇ. ಆದ್ದರಿಂದ ಎರಡು ಬಳೆಗಳನ್ನು ಎರಡು ನಡಿಗೆಗೆ ಹಂಚಿದೆವು. ಬೆನ್ನಿನ ಬಳೆಗೆ ಹಗ್ಗ ಸಿಕ್ಕಿಸಿದರೆ ಅಪ್ಪನ ನಡಿಗೆ, ಎಳೆದರೂ ಪರವಾಗಿಲ್ಲ. ಎದೆಯ ಬಳೆಗೆ ಸಿಕ್ಕಿಸಿದರೆ ಪಾಠ. ಅಲ್ಲಿ ಒಮ್ಮೆಯೂ ವಿನಾಯಿತಿ ಇಲ್ಲ. ಹಗ್ಗದ ಸೆಳೆತ ಮೈಯ ಯಾವ ಕಡೆ ತಾಕುತ್ತದೆ ಎಂಬುದರಿಂದಲೇ ನಾಯಿ ಎರಡನ್ನೂ ಬೇರೆ ಮಾಡಿಕೊಳ್ಳಬಲ್ಲದು.

ಸೆಪ್ಟೆಂಬರ್ 3

ಹದಿನಾಲ್ಕು, ಹನ್ನೊಂದು, ಒಂಬತ್ತು. ಎದೆಯ ಬಳೆ ಕ್ಲಿಕ್ ಎಂದ ಕೂಡಲೇ ಎಡಗಡೆಗೆ ಬಂದು ನಿಂತು ಮುಖ ನೋಡುತ್ತಾಳೆ. ಆ ನೋಟಕ್ಕೂ ಒಂದು ಚೂರು ಕೊಟ್ಟೆ.

ಸೆಪ್ಟೆಂಬರ್ 14

ಬೇಕರಿಯ ಮುಂದೆ ಮೂರು ಬೀದಿನಾಯಿಗಳು ಮಲಗಿರುತ್ತವೆ. ಅವುಗಳಿಗೆ ಹತ್ತು ಹೆಜ್ಜೆ ದೂರದಲ್ಲಿ ಚುಕ್ಕಿ ಸೆಟೆದು ನಿಂತಳು. ಮೂಗಿನ ಮುಂದೆ ಹಿಡಿದ ಕೋಳಿಯನ್ನೂ ಮೂಸಲಿಲ್ಲ. ತಿನಿಸು ತಿನ್ನದಿರುವುದು ಹಟದಿಂದಲ್ಲ; ಅಷ್ಟು ಹತ್ತಿರದಲ್ಲಿ ಅವಳಿಗೆ ಕಲಿಯುವುದು ಸಾಧ್ಯವಿಲ್ಲ ಎಂಬುದಕ್ಕೆ ಅದೇ ಗುರುತು. ತಿರುಗಿ ನಡೆದೆ. ಮೂವತ್ತು ಹೆಜ್ಜೆ ಹಿಂದೆ ಬಂದ ಮೇಲೆ ತಿಂದಳು. ಅಂದರೆ ಸದ್ಯಕ್ಕೆ ನಮ್ಮ ಗಡಿ ನಲವತ್ತು ಹೆಜ್ಜೆ. ಅಲ್ಲೇ ನಿಂತು, ಅವಳು ಆ ನಾಯಿಗಳನ್ನು ನೋಡಿದಾಗಲೆಲ್ಲ ಒಂದು ಚೂರು ಕೊಟ್ಟು, ಐದು ನಿಮಿಷದಲ್ಲಿ ಮನೆಗೆ ಮರಳುತ್ತಿದ್ದೇವೆ.

ಸೆಪ್ಟೆಂಬರ್ 28

ಹೊಂಗೆಮರದವರೆಗೆ ಎರಡು ನಿಲುಗಡೆ, ಎರಡೂ ಅಳಿಲಿನಿಂದ. ಬೇಕರಿಯ ಗಡಿ ನಲವತ್ತರಿಂದ ಇಪ್ಪತ್ತೈದು ಹೆಜ್ಜೆಗೆ ಇಳಿದಿದೆ. ಈ ವಾರ ಕಚ್ಚಿದ ಪೀಠೋಪಕರಣ ಒಂದು, ದಿವಾನದ ಮೂಲೆ. ಅದೂ ನೆಂಟರು ಬಂದು ಸಂಜೆಯ ನಿದ್ದೆ ತಪ್ಪಿದ ದಿನ. ಮೇಲಿನ ಕೋರೆಹಲ್ಲುಗಳು ಪೂರ್ತಿ ಬಂದಿವೆ, ಹಿಂದಿನ ದವಡೆಹಲ್ಲುಗಳು ಇನ್ನೂ ಏಳುತ್ತಿವೆ.

ಬೆತ್ತ ಹೆಣೆಯುವವರು ಫೋನ್ ಮಾಡಿದ್ದರು. ಅಜ್ಜಿಯ ಕುರ್ಚಿಯ ಕಾಲಿಗೆ ಹೊಸ ಬೆತ್ತ ಸುತ್ತಲು ಅಕ್ಟೋಬರ್ ಕಳೆದ ಮೇಲೆ ಬನ್ನಿ ಎಂದಿದ್ದೇನೆ.