ಕೋಟಿಂಗ್ ಹಾಕಿಸಿದರೂ ಕನ್ನಡಕ ಯಾಕೆ ಹೊಳೆಯುತ್ತೆ?

“ಆಂಟಿ-ಗ್ಲೇರ್ ಕೋಟಿಂಗ್ ಹಾಕಿಸಿದೀನಿ, ದುಡ್ಡೂ ಜಾಸ್ತಿ ಕೊಟ್ಟಿದೀನಿ. ಆದ್ರೂ ವಿಡಿಯೋ ಕಾಲ್‌ನಲ್ಲಿ ಬರೀ ಬಿಳಿ ಮಚ್ಚೆ, ಕಣ್ಣೇ ಕಾಣಲ್ಲ. ಯಾಕೆ ಸಾರ್?”

ಸಾಮಾನ್ಯವಾಗಿ ಕೋಟಿಂಗ್ ಸರಿಯಾಗಿಯೇ ಇರುತ್ತದೆ. ಹೊಳೆಯುವುದು ನಿಮ್ಮ ಎದುರಿನ ಕಿಟಕಿ, ಇಲ್ಲಾ ರಿಂಗ್ ಲೈಟ್. ಲ್ಯಾಪ್‌ಟಾಪ್ ಪರದೆಯ ಪ್ರತಿಬಿಂಬವನ್ನು ಕೋಟಿಂಗ್ ಅಡಗಿಸಬಲ್ಲದು. ಕಿಟಕಿಯದು, ದೀಪದ್ದು ಅದರ ಕೈಲಾಗದ ಕೆಲಸ. ಅದಕ್ಕೆ ಕೋನವನ್ನೇ ಬದಲಿಸಬೇಕು.

ಕನ್ನಡಕದ ಅಂಗಡಿ ನಡೆಸುವವನು ಕೋಟಿಂಗ್‌ಗೆ ಇಷ್ಟೇ ಶಕ್ತಿ ಅಂತ ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ, ಗೊತ್ತು. ಆದರೆ ಲೆಕ್ಕ ಇರುವುದೇ ಹಾಗೆ. ಕೋಟಿಂಗ್ ಇಲ್ಲದ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ಮುಂದೊಂದು ಹಿಂದೊಂದು ಮೈ ಸೇರಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 8ರಷ್ಟನ್ನು ವಾಪಸ್ ಕಳಿಸುತ್ತದೆ. ನಂಬರ್ ಜಾಸ್ತಿ ಇರುವವರು ತೆಗೆದುಕೊಳ್ಳುವ ತೆಳು 1.67 ಲೆನ್ಸ್‌ನಲ್ಲಿ ಇದು ಶೇ. 12ರ ಹತ್ತಿರ. 1.67 ಅನ್ನುವುದು ಇಂಡೆಕ್ಸ್, ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ. ಅದು ಹೆಚ್ಚಿದಷ್ಟೂ ಲೆನ್ಸ್ ತೆಳು, ಹೊಳಪು ಜಾಸ್ತಿ. ಅದಕ್ಕೇ ಹೈ ಇಂಡೆಕ್ಸ್ ಲೆನ್ಸನ್ನು ಕೋಟಿಂಗ್ ಇಲ್ಲದೆ ಕೊಡುವ ಮಾತೇ ಇಲ್ಲ. ಒಳ್ಳೆಯ ಕೋಟಿಂಗ್ ಎರಡೂ ಮೈಗೆ ಹಾಕಿದರೆ ಈ ಹೊಳಪು ಶೇ. 1ರಿಂದ 2ಕ್ಕೆ ಇಳಿಯುತ್ತದೆ.

ಶೇ. 1 ಅಂದರೆ ಏನೂ ಇಲ್ಲ ಅನ್ನಿಸುತ್ತದೆ ಅಲ್ವಾ? ಯಾವುದರ ಶೇ. 1 ಅನ್ನುವುದನ್ನು ನೋಡಬೇಕು. ಹಗಲು ಹೊತ್ತು ಆಕಾಶ ಕಾಣುವ ಕಿಟಕಿಯ ಎದುರು ಕೂತಿದ್ದೀರಿ ಅನ್ನಿ. ಅದೇ ಬೆಳಕು ಬಿದ್ದ ನಿಮ್ಮ ಮುಖಕ್ಕಿಂತ ಆ ಕಿಟಕಿ ಸುಮಾರು ಐವತ್ತು ಪಟ್ಟು ಪ್ರಕಾಶವಾಗಿರಬಹುದು. ಅದರ ಶೇ. 1 ಅಂದರೆ ಮುಖದ ಅರ್ಧದಷ್ಟು ಬೆಳಕು. ಕೆನ್ನೆಯ ಮೇಲಾದರೆ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಬೀಳುವುದು ಕಪ್ಪು ಕಣ್ಣುಗುಡ್ಡೆಯ ಮೇಲೆ, ಎದ್ದು ಕಾಣುತ್ತದೆ. ಲ್ಯಾಪ್‌ಟಾಪ್ ಪರದೆ ಹಾಗಲ್ಲ. ಅದು ಮುಖಕ್ಕಿಂತ ಎರಡು ಮೂರು ಪಟ್ಟು ಪ್ರಕಾಶ ಇದ್ದರೆ ಹೆಚ್ಚು. ಅದರ ಶೇ. 1 ಕ್ಯಾಮೆರಾಗೆ ಕಾಣುವುದೇ ಇಲ್ಲ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಹೊಳೆಯುತ್ತಿರುವುದು ಏನು ಅಂತ ಹಿಡಿಯುವುದು. ಕಾಲ್ ಶುರುವಾಗುವ ಮುಂಚೆ ನಿಮ್ಮದೇ ವಿಡಿಯೋ ಕಾಣುತ್ತದಲ್ಲ, ಅಲ್ಲಿ ಕನ್ನಡಕವನ್ನು ದೊಡ್ಡದಾಗಿ ನೋಡಿ. ಪ್ರತಿಬಿಂಬದ ಆಕಾರವೇ ಅರ್ಧ ಉತ್ತರ ಕೊಡುತ್ತದೆ. ಅನುಮಾನ ಉಳಿದರೆ ಒಂದೊಂದೇ ಬೆಳಕಿಗೆ ಅಂಗೈ ಅಡ್ಡ ಹಿಡಿಯಿರಿ. ಯಾವಾಗ ಮಚ್ಚೆ ಹೋಯಿತೋ ಅದೇ ಕಳ್ಳ.

ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಅಂಗಡಿಗೆ ಬಂದು, ಆನ್‌ಲೈನ್ ಕ್ಲಾಸಿನ ಸ್ಕ್ರೀನ್‌ಶಾಟ್ ತೋರಿಸಿ, “ಈ ಲೆನ್ಸ್ ಬದಲಾಯಿಸಿಕೊಡಿ” ಅಂದರು. ನಂಬರ್ ಮೈನಸ್ 5, ಲೆನ್ಸ್ 1.67, ಮೇಲೆ ಬ್ಲೂ ಕಟ್ ಕೋಟಿಂಗ್. ಫೋನಿನಲ್ಲಿ ಜೂಮ್ ಮಾಡಿ ನೋಡಿದೆ. ಲೆನ್ಸಿನ ನಡುವೆ ಬಿಳಿ ಚೌಕ, ಅದರೊಳಗೆ ಸಣ್ಣ ಸಣ್ಣ ಉದ್ದ ಗೆರೆ. ಕಿಟಕಿಯ ಸರಳುಗಳು! ಕೆಳಗೆ ನೀಲಿ ಬಣ್ಣದ ಇನ್ನೊಂದು ಚೌಕ, ಅದು ಲ್ಯಾಪ್‌ಟಾಪ್. ಗಲ್ಲ ಎತ್ತಿ ಮಾತಾಡುತ್ತಿದ್ದ ಇನ್ನೊಂದು ಚಿತ್ರದಲ್ಲಿ ಅಡ್ಡಕ್ಕೆ ಒಂದು ಗೆರೆ. ಅದು ಎದುರು ಗೋಡೆಯ ಟ್ಯೂಬ್‌ಲೈಟ್.

“ಬೆಳಕಿಗೆ ಮುಖ ಮಾಡಿ ಕೂರಬೇಕು ಅಂತ ಎಲ್ಲರೂ ಹೇಳ್ತಾರಲ್ಲ ಸಾರ್, ಹಾಗೇ ಕೂತಿದ್ದೆ” ಅಂದರು. ಕನ್ನಡಕ ಇಲ್ಲದವರಿಗೆ ಆ ಮಾತು ಸರಿ. ಕನ್ನಡಕದ ಮುಂದಿನ ಮೈ ಸ್ವಲ್ಪ ಉಬ್ಬಿದ ಕನ್ನಡಿ. ಬೈಕಿನ ಕನ್ನಡಿಯ ಹಾಗೆ ಎದುರಿನ ಅಗಲವಾದ ಜಾಗವನ್ನೆಲ್ಲ ಬಾಚಿ ತೋರಿಸುತ್ತದೆ. ಹಿಂದಿನ ಮೈ ಒಳಕ್ಕೆ ಬಾಗಿರುತ್ತದೆ, ಮೈನಸ್ ನಂಬರ್ ಹೆಚ್ಚಿದಷ್ಟೂ ಬಾಗು ಜಾಸ್ತಿ. ಅದೂ ತನ್ನ ಪಾಲಿನ ಪ್ರತಿಬಿಂಬ ಸೇರಿಸುತ್ತದೆ. ಅಂದಾಜಿಗೆ ಹೇಳುವುದಾದರೆ, ಮೂಗಿನ ನೇರದಿಂದ ಎಡಕ್ಕೂ ಬಲಕ್ಕೂ 30ರಿಂದ 40 ಡಿಗ್ರಿ ಒಳಗಿರುವ ದೀಪವೆಲ್ಲ ಲೆನ್ಸಿನ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳಬಹುದು.

ಮೇಜನ್ನು ತಿರುಗಿಸಿ, ಕಿಟಕಿ ಎದುರಿಗೂ ಅಲ್ಲ, ಪೂರ್ತಿ ಪಕ್ಕಕ್ಕೂ ಅಲ್ಲ ಅನ್ನುವಂತೆ 60 ಡಿಗ್ರಿ ಕಡೆಗೆ ಇಡಲು ಹೇಳಿದೆ. 45 ಡಿಗ್ರಿ ಸಾಕಾಗಬೇಕಲ್ಲ ಅಂತ ಕೇಳಬಹುದು. ತಲೆ ಅಲ್ಲಾಡದಿದ್ದರೆ ಸಾಕು. ಆದರೆ ತಲೆ 10 ಡಿಗ್ರಿ ತಿರುಗಿದರೆ ಪ್ರತಿಬಿಂಬ 20 ಡಿಗ್ರಿ ಸರಿಯುತ್ತದೆ, ಕನ್ನಡಿಯ ಗುಣವೇ ಅದು. ಪಾಠ ಮಾಡುವವರು ತಲೆ ಆಡಿಸದೆ ಇರುತ್ತಾರಾ? ಕಿಟಕಿ ಒಂದು ಪಕ್ಕಕ್ಕೆ ಹೋದಾಗ ಮುಖದ ಇನ್ನೊಂದು ಪಕ್ಕ ಕಪ್ಪಾಗುತ್ತದೆ. ಆ ಕಡೆ ಬಿಳಿ ಗೋಡೆ ಇದ್ದರೆ ಸರಿ, ಇಲ್ಲದಿದ್ದರೆ ಕುರ್ಚಿಯ ಮೇಲೆ ಬಿಳಿ ಬೆಡ್‌ಶೀಟ್ ಹಾಕಿದರೂ ನಡೆಯುತ್ತದೆ.

ಎರಡನೆಯದು ಲ್ಯಾಪ್‌ಟಾಪ್‌ನ ಎತ್ತರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಕಾರಣ ಯಾರೂ ಹೇಳುವುದಿಲ್ಲ. ಸರಿಯಾಗಿ ಕೂರಿಸಿದ ಫ್ರೇಮ್ ಮುಖದ ಮೇಲೆ ನೆಟ್ಟಗಿರುವುದಿಲ್ಲ. ಅದರ ಕೆಳ ಅಂಚು ಕೆನ್ನೆಯ ಕಡೆಗೆ ವಾಲಿರುತ್ತದೆ, ಸುಮಾರು 8ರಿಂದ 12 ಡಿಗ್ರಿ. ಅಂದರೆ ಲೆನ್ಸ್ ಸ್ವಲ್ಪ ನೆಲದ ಕಡೆಗೇ ನೋಡುತ್ತಿರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೇ ಇದ್ದರೆ ಕ್ಯಾಮೆರಾ ಕೆಳಗಿನಿಂದ ನೋಡುತ್ತದೆ. ಆಗ ಅದಕ್ಕೆ ಲೆನ್ಸಿನಲ್ಲಿ ಕಾಣುವುದು ನಿಮ್ಮ ಕಣ್ಣಿನ ನೇರಕ್ಕಿರುವ ಗೋಡೆ, ಕಿಟಕಿ. ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಅದಕ್ಕೆ ಕಾಣುವುದು ಸುಮಾರು 20 ಡಿಗ್ರಿ ಕೆಳಗಿನ ಭಾಗ. ಅಲ್ಲಿರುವುದು ಲ್ಯಾಪ್‌ಟಾಪ್ ಪರದೆ ಮತ್ತು ಮೇಜು. ಪರದೆಯನ್ನು ಕೋಟಿಂಗ್ ನೋಡಿಕೊಳ್ಳುತ್ತದೆ ಅಂತ ಆಗಲೇ ಹೇಳಿದೆನಲ್ಲ. ಹೀಗೆ ಕೋಟಿಂಗ್‌ಗೆ ಆಗುವ ಕೆಲಸವನ್ನಷ್ಟೇ ಕೋಟಿಂಗ್‌ಗೆ ಬಿಟ್ಟಂತಾಗುತ್ತದೆ. ನಾಲ್ಕು ದಪ್ಪ ಪುಸ್ತಕ ಸಾಕು, ಸ್ಟ್ಯಾಂಡ್ ಕೊಳ್ಳಬೇಕಾಗಿಲ್ಲ. ಮೇಜು ಬಿಳಿ ಇದ್ದರೆ ಕಪ್ಪು ಬಟ್ಟೆ ಹಾಸಿ.

ಕಡ್ಡಿ ಬಾಗಿ ಫ್ರೇಮ್ ನೆಟ್ಟಗೆ ನಿಂತಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಛಾವಣಿಯ ದೀಪಗಳು ಒಳಗೆ ಬರುತ್ತವೆ. ಅಂಗಡಿಗೆ ಹೋಗಿ ಕೂರಿಸಿಕೊಂಡು ಬನ್ನಿ, ಎರಡು ನಿಮಿಷದ ಕೆಲಸ. ಮನೆಯಲ್ಲಿ ಬಿಸಿನೀರಲ್ಲಿ ಅದ್ದಿ ಬಗ್ಗಿಸಬೇಡಿ. ಕೋಟಿಂಗ್ ಬಿರುಕು ಬಿಡುವುದು ಬಿಸಿಗೇ. ದೂರಕ್ಕೂ ಹತ್ತಿರಕ್ಕೂ ಒಂದರಲ್ಲೇ ನಂಬರ್ ಇರುವ ಪ್ರೋಗ್ರೆಸ್ಸಿವ್ ಲೆನ್ಸ್ ಆಗಿದ್ದರೆ ವಾಲು ಬದಲಾದರೆ ನೋಟವೇ ಹೆಚ್ಚುಕಮ್ಮಿ ಆಗುತ್ತದೆ.

ಮೇಡಂ ಅವರ ನೀಲಿ ಚೌಕದ ಕತೆ ಬೇರೆ. ಪರದೆಯ ಬೆಳಕು ಅರ್ಧಕ್ಕೆ ಇಳಿಸಿದರೂ ಅದು ಪೂರ್ತಿ ಹೋಗಲಿಲ್ಲ. ಅವರ ಬ್ಲೂ ಕಟ್ ಕೋಟಿಂಗ್ ಕೆಲಸ ಮಾಡುವುದೇ ನೀಲಿ ಬೆಳಕನ್ನು ವಾಪಸ್ ತಳ್ಳಿ. ಲ್ಯಾಪ್‌ಟಾಪ್ ಪರದೆಯ ಬೆಳಕಿನಲ್ಲಿ ನೀಲಿಯ ಪಾಲು ಜೋರಾಗಿಯೇ ಇರುತ್ತದೆ. ಎರಡೂ ಸೇರಿದರೆ ವಿಡಿಯೋದಲ್ಲಿ ನೀಲಿ ಪೊರೆ. ಕ್ಯಾಮೆರಾ ಮುಂದೆ ಜಾಸ್ತಿ ಕೂರುವವರಿಗೆ ನಾನು ಬ್ಲೂ ಕಟ್ ಬೇಡ, ಹಸಿರು ಛಾಯೆಯ ಸಾಮಾನ್ಯ ಆಂಟಿ-ಗ್ಲೇರ್ ಕೋಟಿಂಗ್ ಸಾಕು ಅನ್ನುತ್ತೇನೆ. ಕಣ್ಣಿನ ಆಯಾಸಕ್ಕೆ ಬ್ಲೂ ಕಟ್‌ನಿಂದ ಅಲ್ಪಾವಧಿಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2023ರ ಕಾಕ್ರೇನ್ ವಿಮರ್ಶೆಯೂ ಹೇಳಿದೆ. ಮೇಡಂಗೆ ಲೆನ್ಸ್ ಬದಲಿಸಲು ಬಿಡಲಿಲ್ಲ. ಮುಂದಿನ ಸಲ ನಂಬರ್ ಬದಲಾದಾಗ ನೋಡೋಣ ಅಂದೆ. ಸದ್ಯಕ್ಕೆ ಪರದೆಯ ಮೇಲೆ ಬಿಳಿ ಪುಟದ ಬದಲು ಕಪ್ಪು ಹಿನ್ನೆಲೆಯ ಸ್ಲೈಡ್ ಬಳಸುತ್ತಿದ್ದಾರೆ.

ನಿಮ್ಮ ಲೆನ್ಸಿಗೆ ನಿಜಕ್ಕೂ ಕೋಟಿಂಗ್ ಇದೆಯಾ ಅನ್ನುವ ಅನುಮಾನವಿದ್ದರೆ ಟ್ಯೂಬ್‌ಲೈಟ್ ಕೆಳಗೆ ಕನ್ನಡಕ ಹಿಡಿದು, ಮೆಲ್ಲಗೆ ಓರೆ ಮಾಡಿ ನೋಡಿ. ಒಂದು ದೀಪ ಎರಡು ಗೆರೆಯಾಗಿ ಕಾಣುತ್ತದೆ, ಮುಂದಿನ ಮೈಯದೊಂದು ಹಿಂದಿನದೊಂದು. ಎರಡೂ ಮಂಕಾಗಿ ಹಸಿರೋ ನೇರಳೆಯೋ ಇದ್ದರೆ ಕೋಟಿಂಗ್ ಇದೆ. ಎರಡೂ ಬೆಳ್ಳಗಿದ್ದರೆ ಇಲ್ಲ. ಒಂದು ಹಸಿರು, ಒಂದು ಬಿಳಿ ಆದರೆ ಒಂದೇ ಮೈಗೆ ಹಾಕಿದ್ದಾರೆ, ಅಂಗಡಿಯವರನ್ನು ಕೇಳಿ. ಬೆರಳಿನ ಜಿಡ್ಡು ಕೋಟಿಂಗ್ ಇರುವ ಲೆನ್ಸಿನ ಮೇಲೆ ಇನ್ನೂ ಎದ್ದು ಕಾಣುತ್ತದೆ. ಕಾಲ್‌ಗೆ ಮುಂಚೆ ಒರೆಸಿ, ಸೀರೆ ಸೆರಗು, ಶರ್ಟಿನ ಅಂಚು ಬೇಡ.

ರಾತ್ರಿ ಕಾಲ್ ಇದ್ದರೆ ಟೇಬಲ್ ಲ್ಯಾಂಪ್ ಒಂದನ್ನು ಲ್ಯಾಪ್‌ಟಾಪ್ ಪಕ್ಕಕ್ಕೆ ಹಿಡಿದು, ನಿಮ್ಮ ವಿಡಿಯೋ ನೋಡುತ್ತಾ ಮೇಲಕ್ಕೂ ಪಕ್ಕಕ್ಕೂ ಸರಿಸುತ್ತಾ ಹೋಗಿ. ಮಚ್ಚೆ ಲೆನ್ಸಿನ ಅಂಚಿಗೆ ಜಾರಿ ಮಾಯವಾಗುವ ಜಾಗದಿಂದ ಇನ್ನೂ ಒಂದು ಗೇಣು ಆಚೆ ಇಡಿ. ತೀರಾ ಎತ್ತರಿಸಿದರೆ ಫ್ರೇಮಿನ ಮೇಲಂಚಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ, ಆಗ ಸ್ವಲ್ಪ ಇಳಿಸಿ. ರಿಂಗ್ ಲೈಟ್ ನಡುವೆ ಫೋನ್ ಸಿಕ್ಕಿಸುವುದನ್ನಂತೂ ಬಿಡಿ. ದೀಪ ಕ್ಯಾಮೆರಾ ಸುತ್ತಲೇ ಇದ್ದರೆ ಕಣ್ಣಿನ ಮೇಲೆ ಬಳೆ ಬಿದ್ದೇ ಬೀಳುತ್ತದೆ. ಫೋನನ್ನು ಬೇರೆ ಕಡೆ ಇಟ್ಟು ರಿಂಗ್ ಲೈಟನ್ನು ಲ್ಯಾಂಪಿನ ಹಾಗೆ ಓರೆಗೆ ಬಳಸಿ.

ಫೋಟೋಗೂ ಇದೇ ನಿಯಮ. ಫೋನಿನ ಫ್ಲ್ಯಾಶ್ ಕ್ಯಾಮೆರಾ ಪಕ್ಕದಲ್ಲೇ ಇರುವುದರಿಂದ ಅದನ್ನು ಆರಿಸಿ. ಹೊರಗೆ ಹೊಳೆಯುವುದು ಆಕಾಶ, ಗಲ್ಲ ಒಂದಿಷ್ಟು ಇಳಿಸಿದರೆ ಲೆನ್ಸ್ ನೆಲ ನೋಡುತ್ತದೆ. ಸ್ಟುಡಿಯೋದವರ ಹಳೇ ಉಪಾಯ ಒಂದಿದೆ: ಕಿವಿಯ ಮೇಲಿನ ಕಡ್ಡಿಗಳನ್ನು ಒಂದು ಸೆಂಟಿಮೀಟರ್ ಎತ್ತಿ ನಿಲ್ಲಿಸುವುದು. ಲೆನ್ಸ್ ಸುಮಾರು 5ರಿಂದ 6 ಡಿಗ್ರಿ ಕೆಳಕ್ಕೆ ವಾಲುತ್ತದೆ, ಪ್ರತಿಬಿಂಬ ಅದರ ಎರಡರಷ್ಟು ಸರಿಯುತ್ತದೆ. ಎದುರಿನಿಂದ ಕಡ್ಡಿ ಎತ್ತಿದ್ದು ಗೊತ್ತೂ ಆಗುವುದಿಲ್ಲ, ಪಕ್ಕದಿಂದ ತೆಗೆದರೆ ಮಾತ್ರ ನಗು ಬರುತ್ತದೆ. ಅಮೆರಿಕ ವೀಸಾದ ಫೋಟೋಗೆ ಈ ಯಾವ ಸರ್ಕಸ್ಸೂ ಬೇಡ. 2016ರ ನವೆಂಬರ್‌ನಿಂದ ಅಲ್ಲಿ ಕನ್ನಡಕವನ್ನೇ ತೆಗೆದಿಟ್ಟು ಫೋಟೋ ತೆಗೆಸಬೇಕು.