ಒಂದು ಸ್ಟಾರ್ ಕುಂದಾ, ಮತ್ತೆ ಅದರ ಕೆಳಗಿನ ಜಗಳ

ಬೆಳಗಾವಿಯ ನಾಲ್ಕಾರು ಅಂಗಡಿಗಳ ಗೂಗಲ್ ಮತ್ತು ಫೇಸ್‌ಬುಕ್ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಫೋಟೋ ಹಾಕುವುದು, ಹಬ್ಬದ ಆಫರ್ ಬರೆಯುವುದು ಏನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಒಂದು ಸ್ಟಾರ್ ರಿವ್ಯೂ ಬಂದ ದಿನ. ಆ ರಿವ್ಯೂ ನೋಡಿ ಮಾಲಕರು ಫೋನ್ ಮಾಡಿದರೆ ಇನ್ನೂ ಜಾಸ್ತಿ ಕಷ್ಟ.

ಇವುಗಳಲ್ಲಿ ಒಂದು ಕುಂದಾ ಅಂಗಡಿ. ಮಾಲಕರನ್ನು ನಾವೆಲ್ಲ ಕಾಕಾ ಅಂತೀವಿ. ಹೋದ ಬೇಸಿಗೆಯಲ್ಲಿ ಒಬ್ಬರು ಸಂಜೆ ಒಂದು ಕಿಲೋ ಕುಂದಾ ಕಟ್ಟಿಸಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಬೆಳಗ್ಗೆ ಡಬ್ಬಿ ತೆಗೆದರೆ ಹುಳಿ ವಾಸನೆ. ಫೋಟೋ ಸಮೇತ ಒಂದು ಸ್ಟಾರ್ ಹಾಕಿ, 'ಹಳಸಿದ ಕುಂದಾ ಕೊಟ್ಟು ಮೋಸ ಮಾಡಿದ್ದಾರೆ, ಯಾರೂ ಹೋಗಬೇಡಿ' ಎಂದು ಬರೆದರು. ಕಾಕಾ ಹತ್ತು ನಿಮಿಷದಲ್ಲಿ ಫೋನ್ ಮಾಡಿದರು.

"ತಂಗೀ, ನಲವತ್ತ ವರ್ಷದ ಅಂಗಡಿಗೆ ಮೋಸ ಅಂತಾನ ನೋಡು. ಕ್ಯಾಮೆರಾದಾಗ ಅಂವಾ ರುಚಿ ನೋಡಿ ಒಯ್ದಿದ್ದು ಐತಿ. ಅದನ್ನ ಹಾಕಿಬಿಡು."

ಹಾಕಲಿಲ್ಲ. ಗಿರಾಕಿಯ ಮುಖ, ಹೆಸರು, ಫೋನ್ ನಂಬರು, ಬಿಲ್ಲು, ಯಾವುದನ್ನೂ ನಾನು ಪೇಜಿನ ಮೇಲೆ ಹಾಕುವುದಿಲ್ಲ. ಅಂಗಡಿ ಗೆದ್ದಂತೆ ಕಂಡರೂ, ನೋಡುವವರ ತಲೆಯಲ್ಲಿ ಉಳಿಯುವುದು ಒಂದೇ ಮಾತು: ಈ ಅಂಗಡಿಯವರು ಗಿರಾಕಿಯ ವಿಡಿಯೋ ಹಾಕುತ್ತಾರೆ.

ಉತ್ತರ ಬರೆಯುವ ಮೊದಲು ಅಂಗಡಿಗೆ ಹೋಗಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ, ಫೋನಿನಲ್ಲೇ ಬರೆದು ಮುಗಿಸುತ್ತಾರೆ. ನಾನು ಹೋಗಿ ಕೇಳಿದ್ದು ಮೂರು ವಿಷಯ. ಆ ಸಂಜೆಯ ಕುಂದಾ ಎಷ್ಟು ಹೊತ್ತಿಗೆ ಒಲೆಯಿಂದ ಇಳಿಯಿತು? ಅದೇ ತಾಟಿನದನ್ನು ಒಯ್ದ ಬೇರೆ ಯಾರಾದರೂ ದೂರು ಹೇಳಿದರಾ? ಕಟ್ಟಿದವರು ಯಾರು? ಕೌಂಟರಿನ ಹುಡುಗ ನಿಜ ಹೇಳಿದ. ಗದ್ದಲ ಜಾಸ್ತಿ ಇತ್ತು, ಕುಂದಾ ಪೂರ್ತಿ ಆರಿರಲಿಲ್ಲ, ಬೆಚ್ಚಗೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದ್ದ. ಬೆಚ್ಚಗಿನ ಖೋವಾದ ಉಗಿ ಮುಚ್ಚಳಕ್ಕೆ ಬಡಿದು ನೀರಾಗಿ ಮತ್ತೆ ಕುಂದಾದ ಮೇಲೇ ಬೀಳುತ್ತದೆ. ಅದರ ಮೇಲೆ ಬೇಸಿಗೆಯ ರಾತ್ರಿ, ಬಸ್ಸಿನ ಡಿಕ್ಕಿಯೊಳಗಿನ ಸೆಕೆ. ಕೆಡದೆ ಏನಾಗುತ್ತದೆ? ಅಂಗಡಿಯಲ್ಲಿ ರುಚಿ ನೋಡಿದಾಗ ಕುಂದಾ ಚೆನ್ನಾಗಿಯೇ ಇತ್ತು. ಕಾಕಾ ಹೇಳಿದ್ದೂ ಸುಳ್ಳಲ್ಲ, ಗಿರಾಕಿ ಹೇಳಿದ್ದೂ ಸುಳ್ಳಲ್ಲ.

ನಾವು ಹಾಕಿದ ಉತ್ತರ ಇದು:

'ನಮಸ್ಕಾರ ರೀ. ಊರು ಮುಟ್ಟುವಷ್ಟರಲ್ಲಿ ಕುಂದಾ ಹುಳಿಯಾಗಿದ್ದಕ್ಕೆ ಕ್ಷಮಿಸಿ. ಆ ಸಂಜೆ ಪೂರ್ತಿ ಆರುವ ಮೊದಲೇ ಡಬ್ಬಿ ಮುಚ್ಚಿ ಕೊಟ್ಟಿದ್ದೇವೆ, ತಪ್ಪು ನಮ್ಮದು. ಈಗ ಪ್ರಯಾಣಕ್ಕೆ ಒಯ್ಯುವವರಿಗೆ ಆರಿದ ಕುಂದಾ ಮಾತ್ರ ಕಟ್ಟುತ್ತಿದ್ದೇವೆ. ನಿಮ್ಮ ದುಡ್ಡು ವಾಪಸ್ ಕೊಡುತ್ತೇವೆ. ದಯವಿಟ್ಟು ಅಂಗಡಿಯ ನಂಬರಿಗೆ ಫೋನ್ ಮಾಡಿ, ಬಿಲ್ ಇಲ್ಲದಿದ್ದರೂ ನಡೆಯುತ್ತದೆ.'

ಇದರಲ್ಲಿ 'ಆದರೆ' ಎಂಬ ಮಾತಿಲ್ಲ. ಕ್ಷಮೆ ಕೇಳಿದ ಮೇಲೆ 'ಆದರೆ' ಬಂದರೆ ಮೊದಲಿನದೆಲ್ಲ ಹೋಯಿತು. 'ಮೋಸ' ಎಂಬ ಪದವನ್ನೂ ನಾವು ಮುಟ್ಟಲಿಲ್ಲ. 'ನಾವು ಮೋಸ ಮಾಡಿಲ್ಲ' ಎಂದು ಬರೆದರೆ ಆ ಪದ ಪೇಜಿನಲ್ಲಿ ಎರಡು ಸಲ ಆಯಿತು, ಎರಡನೆಯದು ನಮ್ಮದೇ ಕೈಯಿಂದ. 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂಬ ರೆಡಿಮೇಡ್ ಸಾಲನ್ನೂ ನಾನು ಬಳಸುವುದಿಲ್ಲ. ಬೆಳಗಾವಿಯಲ್ಲಿ ಕುಂದಾ ಮಾರುವವರು ಯಾರು ಹಾಗೆ ಮಾತಾಡುತ್ತಾರೆ ಹೇಳಿ. ಡಬ್ಬಿ, ಆರುವುದು, ಪ್ರಯಾಣ ಎಂದು ಬರೆದಿದ್ದೇ ಕೆಲಸ ಮಾಡುವುದು. ನಾಳೆ ಕುಂದಾ ಎಲ್ಲಿ ಕೊಳ್ಳಲಿ ಎಂದು ರಿವ್ಯೂ ಓದುತ್ತಿರುವ ಮನುಷ್ಯನಿಗೆ, ಇವರು ನಿಜವಾಗಿ ವಿಚಾರಿಸಿದ್ದಾರೆ ಎಂದು ಗೊತ್ತಾಗುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. ದುಡ್ಡು ವಾಪಸ್ ಕೊಡಬಹುದು. 'ರಿವ್ಯೂ ತೆಗೆದರೆ ಕೊಡುತ್ತೇವೆ' ಅನ್ನುವ ಹಾಗಿಲ್ಲ. ರಿವ್ಯೂ ಬದಲಿಸಲು ಅಥವಾ ತೆಗೆಯಲು ಹಣ, ರಿಯಾಯಿತಿ, ಉಡುಗೊರೆ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಆ ಮಾತನ್ನು ಫೋನಿನಲ್ಲಿ ಹೇಳಿದರೂ ಅದು ರೆಕಾರ್ಡ್ ಆಗಿ ಪೇಜಿಗೇ ವಾಪಸ್ ಬರುತ್ತದೆ.

ಆ ಗಿರಾಕಿ ಫೋನ್ ಮಾಡಿದರು, ಕಾಕಾ ಯುಪಿಐ ಮಾಡಿದರು. ರಿವ್ಯೂ ಮಾತ್ರ ತೆಗೆಯಲಿಲ್ಲ. ಬದಲಿಗೆ ಕೆಳಗೆ ಒಂದು ಸಾಲು ಸೇರಿಸಿದರು: 'ದುಡ್ಡು ಕೊಟ್ಟರು, ಆದರೂ ಹೀಗೆ ಮಾಡಬಾರದಿತ್ತು.' ಕಾಕಾಗೆ ಮತ್ತೆ ಸಿಟ್ಟು. ಗೂಗಲ್‌ನಲ್ಲಿ ಒಂದು ರಿವ್ಯೂಗೆ ಅಂಗಡಿಯವರು ಒಂದೇ ಉತ್ತರ ಕೊಡಬಹುದು, ಬೇಕಿದ್ದರೆ ಅದನ್ನೇ ತಿದ್ದಬಹುದು. ಇದು ನನಗೆ ದೊಡ್ಡ ಉಪಕಾರ, ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ. ಅವರು ರಿವ್ಯೂ ತಿದ್ದಿದರೆ ನಮ್ಮ ಹಳೆಯ ಉತ್ತರ ಹಾಗೇ ಕೆಳಗೆ ಕೂತಿರುತ್ತದೆ. ಹಾಗಾಗಿ ಎರಡೂ ಹೊಂದುತ್ತವಾ ಎಂದು ಒಮ್ಮೆ ನೋಡಬೇಕು. ಇಲ್ಲಿ ಹೊಂದುತ್ತಿತ್ತು, ಬಿಟ್ಟುಬಿಟ್ಟೆ.

ಫೇಸ್‌ಬುಕ್‌ನಲ್ಲಿ ಹಾಗಲ್ಲ. ಅಲ್ಲಿ ಎಷ್ಟು ಬೇಕಾದರೂ ಉತ್ತರ ಕೊಡಬಹುದು, ಅದೇ ತೊಂದರೆ. ಯಾರೋ ಆ ರಿವ್ಯೂದ ಸ್ಕ್ರೀನ್‌ಶಾಟ್ ತಂದು ಅಂಗಡಿಯ ಪೋಸ್ಟಿನ ಕೆಳಗೆ ಹಾಕಿದರು. ಅರ್ಧ ಗಂಟೆಯಲ್ಲಿ ಕುಂದಾ ಪಕ್ಕಕ್ಕೆ ಹೋಯಿತು. ಅಂಗಡಿ ಬೋರ್ಡಿನಲ್ಲಿ ಯಾವ ಭಾಷೆ ಮೇಲಿದೆ, ಮಾಲಕರು ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಶುರುವಾಯಿತು. ಬೆಳಗಾವಿ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಕನ್ನಡದವರು ಒಂದು ಕಡೆಯಿಂದ, ಮರಾಠಿಯವರು ಇನ್ನೊಂದು ಕಡೆಯಿಂದ. ಅರ್ಧಕ್ಕರ್ಧ ಜನ ಈ ಊರಿನವರೇ ಅಲ್ಲ.

ದೂರು ಹೇಳುವವರನ್ನೂ ಕಿರಿಕ್ ಮಾಡುವವರನ್ನೂ ಸಿಟ್ಟಿನ ಮೇಲೆ ಬೇರೆ ಮಾಡಬೇಡಿ. ಇಬ್ಬರಿಗೂ ಸಿಟ್ಟಿರುತ್ತದೆ, ಇಬ್ಬರೂ ಬೈಯುತ್ತಾರೆ. ದೂರಿನಲ್ಲಿ ಒಂದು ವಸ್ತು, ಒಂದು ದಿನ, ಒಂದು ಘಟನೆ ಇರುತ್ತದೆ. 'ಶನಿವಾರ ಸಂಜೆ ಒಂದು ಕಿಲೋ ಒಯ್ದೆ' ಎಂಬ ಮಾತು ಎಷ್ಟೇ ಒರಟಾಗಿ ಬಂದರೂ ದೂರೇ. ಅನುಮಾನ ಇದ್ದರೆ 'ಯಾವ ದಿನ ಒಯ್ದಿದ್ದಿರಿ? ಬಿಲ್ ಫೋಟೋ ಇನ್‌ಬಾಕ್ಸ್‌ಗೆ ಕಳಿಸಿ, ನೋಡುತ್ತೇವೆ' ಎಂದು ಒಂದೇ ಸಲ ಕೇಳುತ್ತೇನೆ. ನಿಜವಾದ ಗಿರಾಕಿ ದಿನ ಹೇಳುತ್ತಾರೆ. ಜಗಳಕ್ಕೆ ಬಂದವರು ಆ ಪ್ರಶ್ನೆ ಬಿಟ್ಟು ಬೇರೆ ವಿಷಯಕ್ಕೆ ಹಾರುತ್ತಾರೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು.

ಮುಗಿಸಲೇಬೇಕು, ಅದಕ್ಕೆ ಕಾರಣ ಇದೆ. ಫೇಸ್‌ಬುಕ್ ಕಾಮೆಂಟುಗಳನ್ನು ಬಂದ ಹೊತ್ತಿನ ಪ್ರಕಾರ ತೋರಿಸುವುದಿಲ್ಲ. ಮೊದಲು ಕಾಣುವುದು Most relevant ಎಂಬ ಸಾಲು. ಯಾವುದಕ್ಕೆ ಉತ್ತರ, ಲೈಕ್ ಜಾಸ್ತಿ ಬರುತ್ತದೋ ಅದು ಮೇಲೆ ಬರುತ್ತದೆ. ಕೆಟ್ಟ ಕಾಮೆಂಟಿಗೆ ಕಾಕಾ ನಾಲ್ಕು ಉತ್ತರ ಕೊಟ್ಟರೆ, ಅದನ್ನು ನಾಲ್ಕು ಸಲ ಎತ್ತಿ ಮೇಲೆ ಇಟ್ಟಂತೆ. ಒಳ್ಳೆ ಮಾತು ಬರೆದ ಅಜ್ಜಿಯ ಕಾಮೆಂಟು ಎಲ್ಲೋ ಕೆಳಗೆ ಹೋಗುತ್ತದೆ.

ಭಾಷೆಯ ಕಾಮೆಂಟುಗಳಿಗೆ ಒಂದಕ್ಕೂ ಉತ್ತರ ಕೊಡಲಿಲ್ಲ. ಹೊಲಸು ಬೈಗುಳ ಇದ್ದವನ್ನು ಹೈಡ್ ಮಾಡಿದೆ. ಡಿಲೀಟ್ ಮಾಡಿದರೆ ಬರೆದವರಿಗೆ ಬೇಗ ಗೊತ್ತಾಗುತ್ತದೆ. 'ಅಳಿಸಿದ್ದಾರೆ ನೋಡಿ' ಎಂದು ಹೊಸ ಜಗಳ ತರುತ್ತಾರೆ. ಹೈಡ್ ಮಾಡಿದ ಕಾಮೆಂಟು ಬರೆದವರಿಗೂ ಅವರ ಫ್ರೆಂಡ್ಸ್‌ಗೂ ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಯಾರೂ ಉತ್ತರ ಕೊಡದಿದ್ದರೆ ಸ್ವಲ್ಪ ಹೊತ್ತಿಗೆ ಅವರೇ ಬೇಜಾರಾಗಿ ಹೋಗುತ್ತಾರೆ. ಕೊಲ್ಲುತ್ತೇನೆ, ಅಂಗಡಿ ಒಡೆಯುತ್ತೇನೆ ಎಂಬಂಥದ್ದು ಬಂದರೆ ಮಾತ್ರ ಲೆಕ್ಕ ಬೇರೆ. ಲಿಂಕ್, ಹೊತ್ತು, ಪ್ರೊಫೈಲ್ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಪೊಲೀಸರ ಹತ್ತಿರ ಅಥವಾ cybercrime.gov.in ನಲ್ಲಿ ದೂರು ಕೊಡಬೇಕು.

ಕುಂದಾದ ಬಗ್ಗೆ ಇದ್ದ ಕಾಮೆಂಟುಗಳನ್ನು ಮಾತ್ರ ಹೈಡ್ ಮಾಡಲಿಲ್ಲ, ಬೈದಿದ್ದರೂ ಸೈ. ಅದೇ ದಿನ ಒಬ್ಬರು 'ವಾರದ ಹಿಂದಿನ ಕುಂದಾ ಮಾರ್ತಾರಂತೆ, ಹೌದಾ?' ಎಂದು ಕೇಳಿದರು. ಇಂಥದಕ್ಕೆ ಸುಮ್ನೆ ಇದ್ದರೆ ಆಗುವುದಿಲ್ಲ. ಬಿಡಿ ಸಿಹಿ ಮಾರುವವರು ತಾಟಿನ ಮುಂದೆ 'ಈ ದಿನದೊಳಗೆ ತಿನ್ನಿ' ಎಂಬ ತಾರೀಖು ಇಡಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್‌ನಿಂದ ನಿಯಮ ಮಾಡಿದೆ. ಆ ದಿನದ ತಾಟು, ಮುಂದೆ ತಾರೀಖಿನ ಚೀಟಿ, ಒಂದು ಫೋಟೋ. ಮೇಲೆ 'ತಾರೀಖು ನೋಡಿಯೇ ಕಟ್ಟಿಸಿಕೊಳ್ಳಿ' ಎಂದಷ್ಟೇ. ಪುನಃ ಮಾತು ಬೆಳೆಸಲಿಲ್ಲ.

ಪೇಜಿನಲ್ಲಿ ಕೆಲವು ಪದ ಬಂದರೆ ಕಾಮೆಂಟು ತಾನೇ ಹೈಡ್ ಆಗುವ ಫಿಲ್ಟರ್ ಇದೆ. ನಮ್ಮ ಕಡೆ ಅದನ್ನು ತುಂಬುವುದೇ ಒಂದು ಕೆಲಸ. ಒಂದೇ ಬೈಗುಳವನ್ನು ಕನ್ನಡ ಲಿಪಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆಯುತ್ತಾರೆ, ಎಲ್ಲವನ್ನೂ ಸೇರಿಸಬೇಕು. ಜೊತೆಗೆ ಇಲ್ಲಿಯ ಸಲುಗೆಯ ಮಾತು ಬೇರೆ. ಒಬ್ಬ ಹುಡುಗ ಗೆಳೆಯನನ್ನು ಟ್ಯಾಗ್ ಮಾಡಿ 'ಬಾರಲೇ ಮಗನ, ಕುಂದಾ ತಿನ್ನೂಣು' ಎಂದು ಬರೆದರೆ ಅದು ಅಂಗಡಿಗೆ ಸಿಕ್ಕ ಪುಕ್ಕಟೆ ಜಾಹೀರಾತು. 'ಮಗನ' ಎಂಬುದನ್ನು ಫಿಲ್ಟರಿಗೆ ಹಾಕಿದರೆ ಅದೂ ಮಾಯ. 'ಮೋಸ', 'ಹಳಸಿದ', 'ಹುಳಿ' ಇವನ್ನು ಹಾಕುವುದಂತೂ ಬೇಡವೇ ಬೇಡ. ನಿಜವಾದ ಗಿರಾಕಿಯ ದೂರನ್ನೇ ಬಚ್ಚಿಟ್ಟಂತಾಗುತ್ತದೆ.

ಆ ಗಲಾಟೆಯ ಬಿಸಿಗೆ ಗೂಗಲ್‌ನಲ್ಲೂ ನಾಲ್ಕಾರು ಒಂದು ಸ್ಟಾರ್ ಬಂದವು, ಎಲ್ಲದರಲ್ಲೂ ಭಾಷೆಯ ಮಾತೇ. ಇವಕ್ಕೂ ಉತ್ತರ ಕೊಡಲಿಲ್ಲ. ಒಂದೊಂದನ್ನೇ ತೆರೆದು Report review ಒತ್ತಿ, ಕಾರಣ Off topic ಎಂದು ಕೊಟ್ಟೆ. ಕೆಟ್ಟ ರಿವ್ಯೂ ಎಂಬ ಕಾರಣಕ್ಕೆ ಗೂಗಲ್ ಯಾವುದನ್ನೂ ತೆಗೆಯುವುದಿಲ್ಲ, ನಿಯಮ ಮುರಿದಿದ್ದರೆ ಮಾತ್ರ ತೆಗೆಯುತ್ತದೆ. ಹಾಗಾಗಿ ಹುಳಿ ಕುಂದಾದ ರಿವ್ಯೂವನ್ನು ರಿಪೋರ್ಟ್ ಮಾಡಲಿಲ್ಲ. ತೀರ್ಮಾನಕ್ಕೆ ಕೆಲವು ದಿನ ಬೇಕಾಗುತ್ತದೆ, ಒಪ್ಪಿಗೆ ಆಗದಿದ್ದರೆ ಒಂದು ಸಲ ಮೇಲ್ಮನವಿಗೆ ಅವಕಾಶ ಇದೆ. ಕೆಲವು ಹೋದವು, ಅಕ್ಷರವೇ ಇಲ್ಲದೆ ಬರೀ ಸ್ಟಾರ್ ಹಾಕಿದ ಒಂದು ಉಳಿಯಿತು. ಬರೀ ಸ್ಟಾರ್‌ನಲ್ಲಿ ನಿಯಮ ಮುರಿದಿದ್ದನ್ನು ತೋರಿಸುವುದು ಕಷ್ಟ.

ಕಾಕಾರ ಅಳಿಯ ಆಗ ಒಂದು ಉಪಾಯ ಹೇಳಿದರು. ತಮ್ಮ ಗೆಳೆಯರಿಂದ ಐದು ಸ್ಟಾರ್ ಹಾಕಿಸಿ ಸರಿ ಮಾಡೋಣ ಅಂತ. ಬೇಡ ಎಂದೆ. ಕುಂದಾ ತಿನ್ನದವರ ಐದು ಸ್ಟಾರ್ ಕೂಡ ಗೂಗಲ್ ಲೆಕ್ಕದಲ್ಲಿ ನಕಲಿಯೇ. ಸಿಕ್ಕಿಬಿದ್ದರೆ ಅವನ್ನು ಅಳಿಸುವುದರ ಜೊತೆಗೆ ಕೆಲವು ದಿನ ಹೊಸ ರಿವ್ಯೂ ಬಾರದ ಹಾಗೂ ಮಾಡಬಹುದು. ಈಗ ಕೌಂಟರಿನಲ್ಲಿ ರಿವ್ಯೂ ಬರೆಯಲು ಕ್ಯೂಆರ್ ಕೋಡಿನ ಸಣ್ಣ ಬೋರ್ಡ್ ಇದೆ, ಎಲ್ಲ ಗಿರಾಕಿಗಳಿಗೂ ಅದನ್ನೇ ತೋರಿಸುತ್ತಾರೆ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ನಿಯಮಕ್ಕೆ ವಿರುದ್ಧವೇ. ಕಾಕಾಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ಸಿಟ್ಟಿನಲ್ಲಿ ಹೋಗುತ್ತಿರುವ ಗಿರಾಕಿ ಕಂಡರೆ ಬೋರ್ಡಿನ ಮುಂದೆ ಡಬ್ಬಿ ಇಡುತ್ತಾರೆ ಎಂದು ಕೌಂಟರಿನ ಹುಡುಗ ಹೇಳುತ್ತಾನೆ.